ವೀಣೆ ಚಿತ್ರ ಬರೆಯೋದು ಹೇಗೆ: ತಂತಿ ಲೆಕ್ಕ, ಮರದ ಗೆರೆ, ಸ್ಟೇಜ್ ಲೈಟ್ (ಜೊತೆಗೆ ಸ್ವಲ್ಪ ತಬಲಾ, ಗಿಟಾರ್)

ಕೆಲವು ವರ್ಷದ ಹಿಂದೆ ಒಂದು ರಾಮನವಮಿ ಕಛೇರಿಗೆ ಪೋಸ್ಟರ್ ಮಾಡಿ ಕೊಟ್ಟಿದ್ದೆ, ಕಪ್ಪು ಬ್ಯಾಕ್‌ಗ್ರೌಂಡು, ಮಧ್ಯದಲ್ಲಿ ವೀಣೆ, ಮೇಲಿಂದ ಬಂಗಾರದ ಬಣ್ಣದ ಬೆಳಕು, ನನಗಂತೂ ಅದ್ಭುತವಾಗಿ ಬಂದಿದೆ ಅನ್ಸಿತ್ತು. ಪ್ರಿಂಟ್ ಆಗಿ ಗೋಡೆಗೆ ಅಂಟಿಸಿದ ಮೇಲೆ ಅಲ್ಲಿ ಪಾಠ ಹೇಳೋ ವೀಣೆ ಟೀಚರ್ ಒಬ್ರು ಬಂದು ಕನ್ನಡಕ ಸರಿ ಮಾಡ್ಕೊಂಡು ನೋಡಿ, "ಅಲ್ಲಪ್ಪಾ, ತಾಳದ ತಂತಿ ಎಲ್ಲಿ? ಮತ್ತೆ ಇದನ್ನ ಎಡಗೈಯಲ್ಲಿ ಮೀಟ್ತಾರಾ?" ಅಂದ್ರು. ಆರು ತಂತಿ ಬರೆದಿದ್ದೆ, ಆರೂ ಮೆಟ್ಟಿಲ ಮೇಲೇ, ಅಂದ್ರೆ ಸ್ವರಕ್ಕೆ ಬೆರಳು ಒತ್ತೋ ಅಡ್ಡಪಟ್ಟಿಗಳ ಮೇಲೇ, ಗಿಟಾರ್ ಥರ. ಸಾಲದ್ದಕ್ಕೆ ಲೇಔಟ್‌ಗೆ ಚೆನ್ನಾಗಿ ಕೂರ್ಲಿ ಅಂತ ಚಿತ್ರನ ಫ್ಲಿಪ್ ಬೇರೆ ಮಾಡಿದ್ದೆ.

ಆಮೇಲಿಂದ ನಾನು ಬಣ್ಣ ಮುಟ್ಟೋಕೆ ಮುಂಚೆ ವಾದ್ಯನ ಎಣಿಸ್ತೀನಿ. ಈ ಬರಹದಲ್ಲಿ ಒಂದೇ ಒಂದು ವೀಣೆ ಚಿತ್ರನ ಶುರುವಿಂದ ಕೊನೆವರೆಗೆ ಮಾಡೋಣ, ಎ3 ಪೋಸ್ಟರ್ ಸೈಜು. ತಬಲಾ ಗಿಟಾರ್ ಬಗ್ಗೆ ಎಲ್ಲಿ ಫರಕ್ ಇದೆಯೋ ಅಲ್ಲಿ ಮಾತ್ರ ಹೇಳ್ತೀನಿ. ನಾನು ಬಳಸೋದು ಕ್ರಿಟಾ, ಫ್ರೀ ಸಾಫ್ಟ್‌ವೇರು. ಆದ್ರೆ ಲೇಯರು, ಬ್ಲೆಂಡ್ ಮೋಡು, ಪರ್ಸ್ಪೆಕ್ಟಿವ್ ಟ್ರಾನ್ಸ್‌ಫಾರ್ಮ್ ಇರೋ ಯಾವ ಸಾಫ್ಟ್‌ವೇರಲ್ಲಾದ್ರೂ ಇದೇ ಕೆಲಸ ಆಗತ್ತೆ.

ಹಂತ 1: ಯಾವ ಕಡೆ ಮುಖ, ಎಷ್ಟು ತಂತಿ

ಮೊದಲು ದಿಕ್ಕು. ಬಲಗೈಯವರು ವೀಣೆ ನುಡಿಸೋವಾಗ ಟೊಳ್ಳಾಗಿ ದುಂಡಗಿರೋ ದೊಡ್ಡ ಕೊಡ ಅವರ ಬಲಕ್ಕೆ ಇರತ್ತೆ, ಸೋರೆ ಬುರುಡೆ ಎಡ ತೊಡೆ ಕಡೆ. ನಾವು ಎದುರಿಗೆ ಸಭಿಕರಲ್ಲಿ ಕೂತು ನೋಡ್ತಿರೋದ್ರಿಂದ ಚಿತ್ರದಲ್ಲಿ ಕೊಡ ಎಡಗಡೆ, ಇನ್ನೊಂದು ತುದಿಯಲ್ಲಿ ಕೆತ್ತಿರೋ ಯಾಳಿ ಅನ್ನೋ ಪ್ರಾಣಿಯ ಮುಖ ಬಲಗಡೆ ಬರ್ಬೇಕು. ಗಿಟಾರಿಗೂ ಹಾಗೇ, ಬಾಡಿ ನಮ್ಮ ಎಡಕ್ಕೆ, ಕತ್ತು ನಮ್ಮ ಬಲಕ್ಕೆ. ತಬಲಾದಲ್ಲಿ ಮರದ ಚಿಕ್ಕ ಡ್ರಮ್ಮು (ದಾಯಾ) ಕಲಾವಿದರ ಬಲಕ್ಕೆ, ಅಂದ್ರೆ ನಮ್ಮ ಎಡಕ್ಕೆ, ಲೋಹದ ದಪ್ಪನೆಯ ಬಾಯಾ ನಮ್ಮ ಬಲಕ್ಕೆ. ಎಡಗೈಯಲ್ಲಿ ನುಡಿಸೋರು ಇದಾರೆ, ಅವರ ಪೋಸ್ಟರ್ ಆದ್ರೆ ಉಲ್ಟಾನೇ ಸರಿ. ಬೇರೆ ಯಾವ ಕಾರಣಕ್ಕೂ ಫ್ಲಿಪ್ ಬಟನ್ ಒತ್ತಬೇಡಿ. ಲೇಔಟಲ್ಲಿ ಜಾಗ ಸಾಲ್ಲಿಲ್ಲ ಅಂದ್ರೆ ಅಕ್ಷರನ ಆ ಕಡೆ ತಳ್ಳಿ, ವೀಣೆನ ತಿರುಗಿಸಬೇಡಿ.

ಈಗ ತಂತಿ. ವೀಣೆಗೆ ಒಟ್ಟು ಏಳು. ಅದರಲ್ಲಿ ನಾಲ್ಕು ಮಾತ್ರ ಮೆಟ್ಟಿಲ ಮೇಲೆ ಹಾದು ಹೋಗ್ತವೆ: ಸಾರಣಿ, ಪಂಚಮ, ಮಂದ್ರ, ಅನುಮಂದ್ರ. ಮೊದಲ ಎರಡು ಸಣ್ಣ ಸ್ಟೀಲ್ ತಂತಿ, ಬೆಳ್ಳಗೆ ಕಾಣತ್ತೆ, ಉಳಿದೆರಡು ದಪ್ಪ, ಸಾಮಾನ್ಯವಾಗಿ ಮೇಲೆ ಸಣ್ಣ ತಂತಿ ಸುತ್ತಿರ್ತಾರೆ. ಬಾಕಿ ಮೂರು ತಾಳದ ತಂತಿ, ಮೂರೂ ಸಣ್ಣ ಸ್ಟೀಲು. ಇವು ಮೆಟ್ಟಿಲ ಮೇಲೆ ಬರೋದೇ ಇಲ್ಲ, ವೀಣೆಯ ಉದ್ದನೆಯ ಕತ್ತು, ಅಂದ್ರೆ ದಂಡಿಯ ಪಕ್ಕದಲ್ಲಿ ಹೋಗ್ತವೆ, ಕಿರುಬೆರಳಲ್ಲಿ ಮೀಟಿ ತಾಳ ತೋರಿಸೋಕೆ ಇರೋದು. ನಾನು ತಪ್ಪಿದ್ದು ಇಲ್ಲೇ.

ತಂತಿ ಎಲ್ಲಿಂದ ಎಲ್ಲಿಗೆ ಹೋಗತ್ತೆ ಅಂತ ಬೆರಳಿಟ್ಟು ನೋಡಿ. ನಾಲ್ಕು ಮುಖ್ಯ ತಂತಿ ಯಾಳಿ ಹತ್ರ ಇರೋ, ತಂತಿ ಬಿಗಿಯೋ ನಾಲ್ಕು ಬಿರಡೆಯಿಂದ ಹೊರಟು, ಮೇರು ಅನ್ನೋ ಅಂಚನ್ನ ದಾಟಿ, ಮೆಟ್ಟಿಲ ಮೇಲೆ ಸಾಗಿ, ಕೊಡದ ಮೇಲಿರೋ ಕುದುರೆ ಅನ್ನೋ ಸಣ್ಣ ಸೇತುವೆ ಹತ್ತಿ ಇಳಿದು, ಕೊಡದ ತುದಿಯಲ್ಲಿರೋ ನಾಗಪಾಶಕ್ಕೆ ಕಟ್ಟಿಕೊಳ್ತವೆ. ಕುದುರೆ ಆದ್ಮೇಲೆ ನಾಗಪಾಶಕ್ಕೆ ಮುಂಚೆ ಶ್ರುತಿ ಸೂಕ್ಷ್ಮವಾಗಿ ಕೂರಿಸೋ ಲಂಗರ್‌ಗಳಿರ್ತವೆ, ಸಣ್ಣ ಲೋಹದ ಕೊಂಡಿಗಳು, ಲೈಟಿಗೆ ಚೆನ್ನಾಗಿ ಮಿನುಗ್ತವೆ. ತಾಳದ ಮೂರು ತಂತಿ ದಂಡಿಯ ಪಕ್ಕಕ್ಕೇ ಚುಚ್ಚಿರೋ ಮೂರು ಬಿರಡೆಯಿಂದ ಹೊರಟು, ಕುದುರೆಗೆ ಅಂಟಿಕೊಂಡಂತಿರೋ ಬಾಗಿದ ಹಿತ್ತಾಳೆ ಪಟ್ಟಿಯ ಮೇಲೆ ಹಾಯ್ತವೆ. ಹಾಗಾಗಿ ಪರೀಕ್ಷೆ ಬಹಳ ಸುಲಭ, ಬಿರಡೆ ಎಣಿಸಿ, ತಂತಿ ಎಣಿಸಿ, ಎರಡೂ ಏಳು ಬರ್ಬೇಕು. ಏಳಕ್ಕೆ ಏಳು ಬಂದು, ಒಂದು ತಂತಿ ಗಾಳಿಯಲ್ಲಿ ನಿಂತು ಹೋಗಿದ್ರೆ ಅದೂ ತಪ್ಪೇ, ಸಣ್ಣ ಸೈಜಲ್ಲಿ ಬರೆಯೋವಾಗ ಕುದುರೆ ದಾಟಿದ ಮೇಲಿನ ತುಂಡನ್ನ ಎಷ್ಟೋ ಜನ ಮರೆತೇಬಿಡ್ತಾರೆ.

ಗಿಟಾರಿನ ಆರು ತಂತಿಲೂ ಇದೇ ಥರ ಒಳ ಲೆಕ್ಕ ಇದೆ. ಸ್ಟೀಲ್ ತಂತಿಯ ಅಕೌಸ್ಟಿಕ್ ಗಿಟಾರಲ್ಲಿ ಸಾಮಾನ್ಯವಾಗಿ ನಾಲ್ಕು ಸುತ್ತಿದ ಕಂಚಿನ ಬಣ್ಣದ ತಂತಿ, ಎರಡು ಬರೀ ಸ್ಟೀಲು. ಕ್ಲಾಸಿಕಲ್ ಗಿಟಾರಲ್ಲಿ ಮೂರು ಸುತ್ತಿದ್ದು, ಮೂರು ನೈಲಾನು, ಆ ನೈಲಾನ್ ಅರೆಪಾರದರ್ಶಕ, ಲೋಹದ ಹಾಗೆ ಫಳಫಳ ಅನ್ನಲ್ಲ. ಕ್ಲಾಸಿಕಲ್ ಗಿಟಾರ್ ಬರೆದು ಆರೂ ತಂತಿಗೆ ಬೆಳ್ಳಿ ಹೈಲೈಟ್ ಹಾಕಿದ್ರೆ ಗೊತ್ತಿರೋರಿಗೆ ತಕ್ಷಣ ಗೊತ್ತಾಗತ್ತೆ.

ಹಂತ 2: ಮೆಟ್ಟಿಲು ಕೂರಿಸೋದು

ಇಲ್ಲಿ ಸ್ವಲ್ಪ ನಿಧಾನ ಮಾಡೋಣ ಯಾಕಂದ್ರೆ ವೀಣೆ ಚಿತ್ರ ನಿಲ್ಲೋದು ಬೀಳೋದು ಇಲ್ಲೇ. ಇವತ್ತಿನ ವೀಣೆಗೆ 24 ಮೆಟ್ಟಿಲು, 17ನೇ ಶತಮಾನದಲ್ಲಿ ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ ಈ ರೂಪ ಗಟ್ಟಿಯಾಯ್ತು ಅಂತ ಹೇಳ್ತಾರೆ. 24 ಅಂದ್ರೆ ಎರಡು ಸ್ಥಾಯಿ, ಒಂದೊಂದು ಸ್ಥಾಯಿಗೆ 12 ಸ್ವರಸ್ಥಾನ. ತಂತಿಯ ಉದ್ದ ಅರ್ಧ ಆದ್ರೆ ಸ್ವರ ಒಂದು ಸ್ಥಾಯಿ ಮೇಲೆ ಹೋಗತ್ತೆ. ಅಂದ್ರೆ 12ನೇ ಮೆಟ್ಟಿಲು ಮೇರುವಿಗೂ ಕುದುರೆಗೂ ಸರಿಯಾಗಿ ಮಧ್ಯದಲ್ಲಿ ಇರ್ಬೇಕು, 24ನೇದು ಮುಕ್ಕಾಲು ದೂರದಲ್ಲಿ. ಈ ಎರಡು ಗೆರೆ ತಪ್ಪಿದ್ರೆ ಬಾಕಿ ಎಲ್ಲಾ ಎಷ್ಟು ಚೆನ್ನಾಗಿ ಬರೆದ್ರೂ ಪ್ರಯೋಜನ ಇಲ್ಲ.

ಮಧ್ಯದ್ದನ್ನೆಲ್ಲ ಕಣ್ಣಳತೆಯಲ್ಲಿ ಹಾಕೋಕಾಗಲ್ಲ, ಏಣಿ ಮೆಟ್ಟಿಲ ಥರ ಸಮ ಅಂತರದಲ್ಲಿ ಬಂದುಬಿಡತ್ತೆ. ಸೂತ್ರ ಒಂದೇ ಸಾಲು:

```
d(n) = L * (1 - 2^(-n/12))
```

`L` ಅಂದ್ರೆ ಮೇರುವಿಂದ ಕುದುರೆವರೆಗಿನ ತಂತಿಯ ಉದ್ದ, `n` ಎಷ್ಟನೇ ಮೆಟ್ಟಿಲು, `d(n)` ಮೇರುವಿಂದ ಆ ಮೆಟ್ಟಿಲಿಗೆ ಇರೋ ದೂರ. ಲೆಕ್ಕ ಬೇಡ ಅನ್ನೋರಿಗೆ ಇನ್ನೂ ಸುಲಭದ ದಾರಿ ಇದೆ: ಉಳಿದಿರೋ ಉದ್ದನ 17.8ರಿಂದ ಭಾಗಿಸಿ, ಬಂದಷ್ಟು ಮುಂದೆ ಹೋಗಿ ಒಂದು ಗೆರೆ ಹಾಕಿ, ಮತ್ತೆ ಉಳಿದದ್ದನ್ನ 17.8ರಿಂದ ಭಾಗಿಸಿ, ಹೀಗೇ 24 ಸಲ.

ನಮ್ಮ ಪೋಸ್ಟರ್ ಎ3, 300 ಪಿಪಿಐ, ಅಂದ್ರೆ 4961 ಅಡ್ಡ 3508 ಪಿಕ್ಸೆಲ್. ವೀಣೆಯ ಪೂರ್ತಿ ಉದ್ದ ಸುಮಾರು ನಾಲ್ಕು ಅಡಿ, ಅದನ್ನ 3000 ಪಿಕ್ಸೆಲ್ಲಿಗೆ ಕೂರಿಸಿದ್ರೆ ಮೇರುವಿಂದ ಕುದುರೆಗೆ ಅಂದಾಜು 2000 ಪಿಕ್ಸೆಲ್ ಇಟ್ಕೋಬಹುದು. ಈಗ ಮೊದಲ ಮೆಟ್ಟಿಲು 112ರಲ್ಲಿ, ಎರಡನೇದು 218ರಲ್ಲಿ, ಮೂರನೇದು 318ರಲ್ಲಿ, ಐದನೇದು 502, ಏಳನೇದು 665, ಹನ್ನೆರಡನೇದು ಸರಿಯಾಗಿ 1000, ಇಪ್ಪತ್ನಾಲ್ಕನೇದು 1500. ಮೊದಲ ಅಂತರ 112 ಪಿಕ್ಸೆಲ್, ಕೊನೆಯದು ಬರೀ 30, ಎಷ್ಟು ವ್ಯತ್ಯಾಸ ನೋಡಿ. ಗಿಟಾರಿಗೂ ಇದೇ ಸೂತ್ರ ಸಾಕು, 12ನೇ ಫ್ರೆಟ್ಟಲ್ಲಿ ಎರಡು ಚುಕ್ಕೆ ಇರೋದು ಯಾಕೆ ಅಂದ್ರೆ ಅದೇ ತಂತಿಯ ನಡುಮಧ್ಯ. ನಿಜವಾದ ವೀಣೆಯಲ್ಲಿ ಮೇಳ ಕಟ್ಟೋರು ಮೇಣ ಬಿಸಿ ಮಾಡಿ ಮೆಟ್ಟಿಲನ್ನ ಕಿವಿ ಕೊಟ್ಟು ಕೂರಿಸೋದು, ಹಾಗಾಗಿ ಕೂದಲೆಳೆ ಆ ಕಡೆ ಈ ಕಡೆ ಇರತ್ತೆ, ಚಿತ್ರದಲ್ಲಿ ಅದು ಕಾಣಲ್ಲ.

ಈ ಪಟ್ಟಿಯನ್ನ ಮೊದಲು ಬೇರೆ ಲೇಯರಲ್ಲಿ ನೇರವಾಗಿ, ಚಪ್ಪಟೆಯಾಗಿ, ಮೇಲಿಂದ ನೋಡಿದ ಹಾಗೆ ಬರೀರಿ. ದಂಡಿ, 24 ಮೆಟ್ಟಿಲು, ಮೇರು, ಕುದುರೆಯ ಗುರುತು, ನಾಲ್ಕು ತಂತಿಯ ಗುರುತು. ಆಮೇಲೆ ಪೂರ್ತಿ ಲೇಯರನ್ನ ಪರ್ಸ್ಪೆಕ್ಟಿವ್ ಟ್ರಾನ್ಸ್‌ಫಾರ್ಮ್ ಮಾಡಿ ವೀಣೆಯ ಕೋನಕ್ಕೆ ಕೂರಿಸಿ. ನೇರವಾಗಿ ಕೋನದಲ್ಲೇ ಬರೆಯೋಕೆ ಹೋಗಬೇಡಿ, ಯಾಕೆ ಅಂತ ಹೇಳ್ತೀನಿ. ನಮ್ಮ ಚಿತ್ರದಲ್ಲಿ ಕೊಡ ನಮಗೆ ಹತ್ತಿರ, ಯಾಳಿ ದೂರ. ಹತ್ತಿರದ್ದು ದೊಡ್ಡದಾಗಿ ಕಾಣೋದ್ರಿಂದ ಕೊಡದ ಕಡೆಯ ಇಕ್ಕಟ್ಟಿನ ಮೆಟ್ಟಿಲುಗಳು ಸ್ವಲ್ಪ ಅಗಲ ಆಗ್ತವೆ, ದೂರದ ಅಗಲದ ಮೆಟ್ಟಿಲು ಕುಗ್ಗತ್ತೆ, ಒಟ್ಟಾರೆ ಫೋಟೋದಲ್ಲಿ ಎಲ್ಲ ಹೆಚ್ಚುಕಮ್ಮಿ ಸಮ ಅನ್ನೋ ಭ್ರಮೆ ಬರತ್ತೆ. ಅದನ್ನ ನೋಡಿ ಕಾಪಿ ಮಾಡಿದೋರು ಪಕ್ಕದಿಂದ ನೇರವಾಗಿ ಕಾಣೋ ವೀಣೆಗೂ ಸಮ ಅಂತರ ಹಾಕಿಬಿಡ್ತಾರೆ. ಚಪ್ಪಟೆ ಪಟ್ಟಿ ಮಾಡಿಟ್ಕೊಂಡ್ರೆ ಕೋನ ಬದಲಾದ್ರೂ ಲೆಕ್ಕ ಕೆಡಲ್ಲ, ಆ ಪಟ್ಟಿ ಸೇವ್ ಮಾಡಿಟ್ಕೊಳಿ, ಮುಂದಿನ ಐದು ಪೋಸ್ಟರಿಗೆ ಬರತ್ತೆ.

ಒಂದು ವಿಷಯ ಚಪ್ಪಟೆ ಪಟ್ಟಿಯಲ್ಲಿ ಬರಲ್ಲ, ಎತ್ತರ. ಗಿಟಾರಿನ ಫ್ರೆಟ್ಟು ಮರದ ಪಟ್ಟಿಗೆ ಹೊಡೆದ ಸಣ್ಣ ಲೋಹದ ಎಳೆ, ತಂತಿ ಅದರ ಮೇಲೆ ಒಂದೆರಡು ಮಿಲಿಮೀಟರಲ್ಲಿ ಇರತ್ತೆ. ವೀಣೆಯಲ್ಲಿ ದಂಡಿಯ ಎರಡೂ ಅಂಚಿಗೆ ಉದ್ದಕ್ಕೆ ಕರಿ ಮೇಣದ ದಿಬ್ಬ ಇದೆ, ಮೆಟ್ಟಿಲು ಆ ದಿಬ್ಬದಿಂದ ಆ ದಿಬ್ಬಕ್ಕೆ ಸೇತುವೆ ಹಾಗೆ ಕೂತಿರತ್ತೆ, ಕೆಳಗೆ ಟೊಳ್ಳು. ಮೇಣನ ಎರಡು ಮೆಟ್ಟಿಲ ನಡುವೆ ಸ್ವಲ್ಪ ತಗ್ಗಾಗಿ ಕೆತ್ತಿರ್ತಾರೆ, ಅಂಚು ಅಲೆ ಅಲೆಯಾಗಿ ಕಾಣತ್ತೆ. ಈ ಕರಿ ಅಲೆ ಅಂಚು ಬರೆದ್ರೆ ಅರ್ಧ ವೀಣೆ ಬಂದ ಹಾಗೆ, ಇದನ್ನ ಬಿಟ್ಟು ದಂಡಿ ಮರದ ಮೇಲೇ ನೇರ ಗೆರೆ ಹಾಕಿದ್ರೆ ಅದು ಉದ್ದನೆಯ ಗಿಟಾರ್ ಆಗತ್ತೆ ಅಷ್ಟೆ.

ಹಂತ 3: ತಂತಿಯ ದಪ್ಪ

ನಮ್ಮ ಅಳತೆಯಲ್ಲಿ ಒಂದು ಮಿಲಿಮೀಟರಿಗೆ ಸುಮಾರು 2.5 ಪಿಕ್ಸೆಲ್. ಸಾರಣಿ ತಂತಿ ಅರ್ಧ ಮಿಲಿಮೀಟರೂ ಇರಲ್ಲ, ಅಂದ್ರೆ ನಿಜವಾದ ಅಳತೆಯಲ್ಲಿ ಅದು ಒಂದು ಪಿಕ್ಸೆಲ್ ಆಸುಪಾಸು. ಹಾಗೆ ಬರೆದ್ರೆ ಪ್ರಿಂಟಲ್ಲಿ ಮಾಯ. ಹಾಗಾಗಿ ಸ್ವಲ್ಪ ಸುಳ್ಳು ಹೇಳ್ಬೇಕು. ಸಣ್ಣ ತಂತಿಗೆ 2 ಪಿಕ್ಸೆಲ್, ದಪ್ಪ ಅನುಮಂದ್ರಕ್ಕೆ 4 ಅಥವಾ 5, ಮಧ್ಯದವು ಮಧ್ಯಕ್ಕೆ. ಮುಖ್ಯ ಏನಂದ್ರೆ ನಾಲ್ಕೂ ಒಂದೇ ದಪ್ಪ ಆಗಬಾರ್ದು.

ತಂತಿ ಎಳೆಯೋಕೆ ಬ್ರಶ್ಶಲ್ಲಿ ಕೈ ಬೀಸಬೇಡಿ, ಲೈನ್ ಟೂಲ್ ತಗೊಳಿ, ಎರಡು ತುದಿ ಕ್ಲಿಕ್, ಮುಗೀತು. ಎಳೆದು ಬಿಗಿದಿರೋ ತಂತಿ ಅಂದ್ಮೇಲೆ ಅದು ನೇರವಾಗೇ ಇರತ್ತೆ, ಚೂರು ಬಾಗಿದ್ರೂ ಬಟ್ಟೆ ಒಣಗಿಸೋ ಹಗ್ಗ ಆಗತ್ತೆ. ಪ್ರತಿ ತಂತಿ ಬೇರೆ ಲೇಯರಲ್ಲಿ ಇರ್ಲಿ, ಏಳೂ ಸೇರಿಸಿ ಒಂದು ಗ್ರೂಪು. ಕೊನೆಗೆ ಇದರಿಂದ ಬಹಳ ಉಪಯೋಗ ಇದೆ.

ಇನ್ನು ನೆರಳು. ತಂತಿ ಮೆಟ್ಟಿಲ ಮೇಲಿದೆ, ಮೆಟ್ಟಿಲು ದಂಡಿಯಿಂದ ಎತ್ತರದಲ್ಲಿದೆ, ಹಾಗಾಗಿ ವೀಣೆ ತಂತಿಯ ನೆರಳು ದಂಡಿಯ ತಳಕ್ಕೆ ಬೀಳೋವಷ್ಟೊತ್ತಿಗೆ ತಂತಿಯಿಂದ ದೂರ ಸರಿದಿರತ್ತೆ, ಅಂಚು ಮೆತ್ತಗಾಗಿರತ್ತೆ. ಮೆಟ್ಟಿಲ ಮೇಲೆ ಮಾತ್ರ ನೆರಳು ತಂತಿಗೆ ಅಂಟಿಕೊಂಡಿರತ್ತೆ. ಅಂದ್ರೆ ತಂತಿ ಲೇಯರನ್ನ ಕಾಪಿ ಮಾಡಿ ಕಪ್ಪು ಮಾಡಿ ಒಂದಿಷ್ಟು ಕೆಳಗೆ ಸರಿಸಿದ್ರೆ ಗಿಟಾರಿಗೆ ನಡೆಯತ್ತೆ, ವೀಣೆಗೆ ನಡೆಯಲ್ಲ. ವೀಣೆಗೆ ನೆರಳು ಮೆಟ್ಟಿಲು ಬಂದಾಗ ತಂತಿ ಹತ್ರ ಜಿಗಿದು, ಮೆಟ್ಟಿಲು ದಾಟಿದ ಮೇಲೆ ಮತ್ತೆ ಕೆಳಗೆ ಬೀಳ್ಬೇಕು. ಎಲ್ಲಾ 24ಕ್ಕೂ ಮಾಡೋಕೆ ತಾಳ್ಮೆ ಇಲ್ಲ ಅಂದ್ರೆ ಕೊಡದ ಹತ್ತಿರದ ಎಂಟು ಹತ್ತಕ್ಕೆ ಮಾಡಿ, ದೂರದಲ್ಲಿ ಮೇಣದ ಕತ್ತಲೇ ಎಲ್ಲಾ ನುಂಗತ್ತೆ.

ಹಂತ 4: ಮರದ ಗೆರೆ

ಹೆಚ್ಚಿನ ವೀಣೆ ಹಲಸಿನ ಮರದ್ದು. ಹೊಸ ಹಲಸಿನ ಮರ ಕುಯ್ದಾಗ ಹಳದಿ, ವರ್ಷ ಕಳೆದ ಹಾಗೆ ಕೆಂಪು ಕಂದು ಬಣ್ಣಕ್ಕೆ ತಿರುಗತ್ತೆ, ಮೇಲೆ ಪಾಲಿಶ್ ಬೇರೆ. ಒಂದೇ ಮರದ ತುಂಡಿನಿಂದ ಕೊಡ, ದಂಡಿ ಎರಡೂ ಕೆತ್ತಿದ್ರೆ ಏಕಾಂಡ ವೀಣೆ, ಇಲ್ಲಾಂದ್ರೆ ಭಾಗಗಳನ್ನ ಬೇರೆ ಬೇರೆ ಮಾಡಿ ಜೋಡಿಸ್ತಾರೆ. ಚಿತ್ರಕ್ಕೆ ಇದು ಯಾಕೆ ಬೇಕು ಅಂದ್ರೆ, ಜೋಡಿಸಿದ ವೀಣೆಯಲ್ಲಿ ಸೇರೋ ಜಾಗದಲ್ಲಿ ಗೆರೆ ತುಂಡಾಗತ್ತೆ, ಏಕಾಂಡದಲ್ಲಿ ದಂಡಿಯಿಂದ ಕೊಡಕ್ಕೆ ಗೆರೆ ಹರಿದು ಹೋಗತ್ತೆ. ನೀವು ಯಾವುದು ಬರೀತಿದೀರಾ ಅಂತ ಮೊದಲೇ ತೀರ್ಮಾನ ಮಾಡಿ.

ಗೆರೆ ಹೇಗೆ ಓಡತ್ತೆ ಅನ್ನೋದು ಅರ್ಥ ಆಗೋಕೆ ಅಡುಗೆಮನೆಗೆ ಹೋಗಿ ಒಂದು ಕ್ಯಾರೆಟ್ ತಗೊಳಿ, ತಮಾಷೆ ಅಲ್ಲ. ಅಡ್ಡಕ್ಕೆ ಹೆಚ್ಚಿದ್ರೆ ಒಳಗಿನ ತಿರುಳಿನ ಉಂಗುರ ದುಂಡಗೆ. ಓರೆಯಾಗಿ ಹೆಚ್ಚಿದ್ರೆ ಅದೇ ಉಂಗುರ ಮೊಟ್ಟೆಯಾಕಾರ. ಉದ್ದಕ್ಕೆ ಸೀಳಿದ್ರೆ ಎರಡು ನೇರ ಗೆರೆ. ಮರದ ದಿಮ್ಮಿಯೂ ಅಷ್ಟೆ, ಒಳಗೆ ಒಂದರೊಳಗೊಂದು ಉಂಗುರ, ಅದನ್ನ ಯಾವ ಕೋನದಲ್ಲಿ ಕತ್ತರಿಸ್ತೀವೋ ಹಾಗೆ ಗೆರೆ ಕಾಣತ್ತೆ. ದಂಡಿ ಮರದ ಉದ್ದಕ್ಕೇ ಇರೋದ್ರಿಂದ ಅಲ್ಲಿ ಉದ್ದುದ್ದ ಗೆರೆ. ಕೊಡ ದುಂಡಗೆ ಕೆತ್ತಿದ್ದು, ಅಂದ್ರೆ ಒಂದೇ ಮೇಲ್ಮೈಯಲ್ಲಿ ಮೂರೂ ಥರದ ಕಟ್ ಇದೆ. ಹೊಟ್ಟೆಯ ಕೆಳಗೆ ಒಂದರೊಳಗೊಂದು ಉದ್ದನೆಯ ಮೊಟ್ಟೆಯಾಕಾರದ ಬಳೆಗಳು, ಮ್ಯಾಪಲ್ಲಿ ಗುಡ್ಡ ತೋರಿಸೋ ಗೆರೆ ಥರ. ಪಕ್ಕಕ್ಕೆ ಬಂದ ಹಾಗೆ ಉದ್ದ ಗೆರೆ, ದುಂಡಿಗೆ ತಕ್ಕಂತೆ ಬಾಗಿದ್ದು. ನಾಗಪಾಶದ ಕಡೆಯ ತುದಿಯಲ್ಲಿ ಮರ ಅಡ್ಡ ಕುಯ್ದ ಹಾಗೆ, ಗೆರೆಗಿಂತ ಚುಕ್ಕೆ ಜಾಸ್ತಿ, ಬಣ್ಣವೂ ಒಂದು ಪಾಲು ಗಾಢ, ಯಾಕಂದ್ರೆ ಆ ಮುಖ ಪಾಲಿಶನ್ನ ಹೆಚ್ಚು ಕುಡಿಯತ್ತೆ.

ಮಾಡೋ ಕ್ರಮ ಹೀಗೆ. ಹೊಸ ಲೇಯರಲ್ಲಿ ನಾಯ್ಸ್ ತುಂಬಿ, ಅದಕ್ಕೆ ಒಂದೇ ದಿಕ್ಕಲ್ಲಿ ಮೋಷನ್ ಬ್ಲರ್ ಹಾಕಿ, ಉದ್ದುದ್ದ ಎಳೆ ಎಳೆ ಬರತ್ತೆ. ಇದು ದಂಡಿಗೆ ಸಾಕು. ಕೊಡಕ್ಕೆ ಅದರ ಕಾಪಿ ತಗೊಂಡು ವಾರ್ಪ್ ಟ್ರಾನ್ಸ್‌ಫಾರ್ಮಲ್ಲಿ ದುಂಡಿಗೆ ಬಗ್ಗಿಸಿ, ಆಮೇಲೆ ಮೊಟ್ಟೆಯಾಕಾರದ ಗೆರೆಗಳನ್ನ ಸಣ್ಣ ಬ್ರಶ್ಶಲ್ಲಿ ಕೈಯಲ್ಲೇ ಸೇರಿಸಿ, ಐದಾರು ಸಾಕು, ಅಂತರ ಸಮ ಇರಬಾರ್ದು. ಲೇಯರ್ ಮೋಡ್ ಮಲ್ಟಿಪ್ಲೈ, ಅಪಾಸಿಟಿ 25ರಿಂದ 30 ಪರ್ಸೆಂಟ್. ಜಾಸ್ತಿ ಮಾಡಿದ್ರೆ ಸನ್‌ಮೈಕಾ ಅಂಟಿಸಿದ ಕಂಪ್ಯೂಟರ್ ಟೇಬಲ್ ಥರ ಆಗತ್ತೆ. ಹೊಸಬರು ಮಾಡೋ ದೊಡ್ಡ ತಪ್ಪೇ ಇದು, ನೆಟ್ಟಲ್ಲಿ ಸಿಕ್ಕ ಒಂದು ಮರದ ಟೆಕ್ಸ್ಚರನ್ನ ಪೂರ್ತಿ ವಾದ್ಯದ ಮೇಲೆ ಒಂದೇ ಸಲ ಎಳೆದುಬಿಡೋದು. ಆಗ ದಂಡಿ, ಕೊಡ, ಮೇಲಿನ ಹಲಗೆ ಮೂರರಲ್ಲೂ ಗೆರೆ ಒಂದೇ ಸಾಲಲ್ಲಿ ಅಡೆತಡೆ ಇಲ್ಲದೆ ಹೋಗತ್ತೆ, ವಾದ್ಯ ಕಾಗದದಲ್ಲಿ ಕತ್ತರಿಸಿದ ಹಾಗೆ ಚಪ್ಪಟೆ. ಕೊಡದ ಮೇಲಿನ ಹಲಗೆ ಯಾವಾಗ್ಲೂ ಬೇರೆ ತುಂಡು, ಅದಕ್ಕೆ ಬೇರೆ ಗೆರೆ ಕೊಡಿ.

ಮರ ಅಲ್ಲದ ಜಾಗಕ್ಕೆ ಮರದ ಗೆರೆ ಹಾಕೋದು ಇನ್ನೊಂದು ತಪ್ಪು. ಕಲಾವಿದರ ಎಡಗಡೆ ಆಸರೆಗಿರೋ ಬುರುಡೆ ಒಣ ಸೋರೆಕಾಯಿ ಅಥವಾ ಕಾಗದದ ತಿರುಳು ಅಥವಾ ಫೈಬರ್, ಮೇಲೆ ಬಣ್ಣ, ಗೆರೆ ಇರಲ್ಲ. ತಬಲಾದಲ್ಲಿ ದಾಯಾ ಮಾತ್ರ ಮರ, ಅದೂ ಗೆರೆ ಮೇಲಿಂದ ಕೆಳಕ್ಕೆ, ಬಾಯಾ ತಾಮ್ರ ಇಲ್ಲಾ ಹಿತ್ತಾಳೆ, ಹಲವು ಸಲ ಮೇಲೆ ಬೆಳ್ಳಿ ಥರ ಹೊಳಪು. ಇಷ್ಟೇ ಹೇಳಿ ಬಿಡೋಕೆ ಮನಸ್ಸಿಲ್ಲ, ಇನ್ನೊಂದು ಮಾತು: ದಾಯಾದ ಕರಿ ಚಕ್ರ ನಡುಮಧ್ಯದಲ್ಲಿ, ಬಾಯಾದ್ದು ಒಂದು ಪಕ್ಕಕ್ಕೆ ಸರಿದಿರತ್ತೆ, ಎರಡನ್ನೂ ಮಧ್ಯಕ್ಕೆ ಇಟ್ಟಿರೋ ಚಿತ್ರ ದಿನಾ ನೋಡ್ತೀನಿ. ಗಿಟಾರಿನ ಮುಂದಿನ ಹಲಗೆ ಸ್ಪ್ರೂಸ್ ಮರದ್ದಾದ್ರೆ ಸಣ್ಣ ಸಣ್ಣ ನೇರ ಗೆರೆ, ಒಂದೇ ಹಲಗೆ ಸೀಳಿ ಪುಸ್ತಕ ತೆರೆದ ಹಾಗೆ ಜೋಡಿಸಿರೋದ್ರಿಂದ ಎಡ ಬಲ ಒಂದಕ್ಕೊಂದು ಕನ್ನಡಿ.

ಹಂತ 5: ಬೆಳಕು

ಇಲ್ಲಿವರೆಗೂ ವೀಣೆನ ಸಾಧಾರಣ ಹಗಲು ಬೆಳಕಲ್ಲಿ ಕಾಣೋ ಬಣ್ಣದಲ್ಲೇ ಇಟ್ಕೊಂಡಿದೀವಿ ಅಂತ ಇಟ್ಕೊಳಿ, ಮರ `#8A4B22`, ಸ್ಟೀಲ್ ತಂತಿ `#B8B8B8`, ಹಿತ್ತಾಳೆ ಮೆಟ್ಟಿಲು `#C9A24A`. ಸ್ಟೇಜಿನ ಹಳೇ ಟಂಗ್‌ಸ್ಟನ್ ದೀಪ ಸುಮಾರು 3200 ಕೆಲ್ವಿನ್, ಸ್ಕ್ರೀನಲ್ಲಿ ಆ ಬಣ್ಣಕ್ಕೆ ಹತ್ತಿರ ಬರೋದು `#FFB46B`, ಇದು 3000 ಕೆಲ್ವಿನ್ ಹತ್ತಿರದ್ದು, ಸ್ವಲ್ಪ ಜಾಸ್ತಿನೇ ಬೆಚ್ಚಗೆ, ಪೋಸ್ಟರಿಗೆ ನಡೆಯತ್ತೆ. ಎಲ್ಲದರ ಮೇಲೆ ಒಂದು ಲೇಯರ್, ಈ ಬಣ್ಣ ತುಂಬಿ, ಮೋಡ್ ಮಲ್ಟಿಪ್ಲೈ. ಆಗ ಮರ `#8A350E` ಆಗತ್ತೆ, ಸ್ಟೀಲು `#B8824D`, ಹಿತ್ತಾಳೆ `#C9721F`. ಮೂರೂ ಬೆಚ್ಚಗಾದವು ಆದ್ರೆ ಮೂರೂ ಬೇರೆ ಬೇರೆನೇ ಉಳಿದವು, ಸ್ಟೀಲು ಮಂಕು, ಹಿತ್ತಾಳೆ ಕೇಸರಿ. ಇದರ ಬದಲು ನಾರ್ಮಲ್ ಮೋಡಲ್ಲಿ ಕಿತ್ತಳೆ ಬಣ್ಣನ ಅರ್ಧ ಅಪಾಸಿಟಿಗೆ ಬಳಿದ್ರೆ ಎಲ್ಲವೂ ಒಂದೇ ಬಣ್ಣದ ಕಡೆ ಜಾರಿ, ತಂತಿ ಯಾವುದು ಮೆಟ್ಟಿಲು ಯಾವುದು ಗೊತ್ತಾಗಲ್ಲ, ಕಪ್ಪು ಮೇಣ ಕೂಡ ಕಂದಾಗಿ ಹೋಗತ್ತೆ. ಟೀ ಚೆಲ್ಲಿದ ಫೋಟೋ ಥರ ಕಾಣ್ತಿದೆ ಅಂದ್ರೆ ಇದೇ ಆಗಿದೆ ಅಂತ ತಿಳ್ಕೊಳಿ.

ಮಲ್ಟಿಪ್ಲೈ ಎಲ್ಲಾನೂ ಕತ್ತಲು ಮಾಡತ್ತೆ, ಅದು ಸರಿ, ಹೊಳಪು ಆಮೇಲೆ ಕೊಡೋಣ. ಈಗ ಬೆಳಕು ಎಲ್ಲಿಂದ ಅಂತ ಒಂದೇ ಒಂದು ಜಾಗ ಗುರುತು ಮಾಡಿ, ನಾನು ಎಡ ಮೇಲ್ಗಡೆ ಇಡ್ತೀನಿ, ಕೊಡದ ಕಡೆ. ದೀಪ ದೂರ ಹೋದ ಹಾಗೆ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕಮ್ಮಿ ಆಗತ್ತೆ. ಸ್ಟೇಜ್ ದೀಪ ಕೊಡದಿಂದ 5 ಮೀಟರ್ ದೂರ ಇದ್ರೆ ಯಾಳಿ ಹೆಚ್ಚೆಂದ್ರೆ 6.2 ಮೀಟರ್, ಲೆಕ್ಕ ಹಾಕಿದ್ರೆ ಯಾಳಿಗೆ ಕೊಡದ ಮೇಲಿನ ಬೆಳಕಿನ 65 ಪರ್ಸೆಂಟ್ ಸಿಗತ್ತೆ. ಅದೇ ದೀಪ ಒಂದೂವರೆ ಮೀಟರಲ್ಲಿದ್ರೆ 31 ಪರ್ಸೆಂಟ್ ಅಷ್ಟೆ. ಅಂದ್ರೆ ವೀಣೆಯ ಒಂದು ತುದಿ ಧಗಧಗ, ಇನ್ನೊಂದು ತುದಿ ಕತ್ತಲು ಅಂತ ಬರೆದ್ರೆ ನೋಡೋರಿಗೆ ಟೇಬಲ್ ಲ್ಯಾಂಪ್ ಅನ್ಸತ್ತೆ, ಸ್ಟೇಜ್ ಅನ್ಸಲ್ಲ. ಇಳಿಜಾರು ಮೆಲ್ಲಗಿರ್ಲಿ. ಕತ್ತಲು ಬೇಕಿದ್ರೆ ಬ್ಯಾಕ್‌ಗ್ರೌಂಡಿಗೆ ಹಾಕಿ.

ನೆರಳಿನ ಕಡೆಗೆ ಕಪ್ಪು ಬಳಿಯಬೇಡಿ, `#2E3A55` ಥರದ ಮಂದ ನೀಲಿಯನ್ನ ಬಹಳ ಕಮ್ಮಿ, ಹತ್ತು ಪರ್ಸೆಂಟ್ ಆಸುಪಾಸು, ದಂಡಿಯ ಕೆಳಗಿನ ಅಂಚಿಗೆ ಸೇರಿಸಿ. ಬೆಚ್ಚಗಿನ ಬೆಳಕು ಬೆಚ್ಚಗೆ ಕಾಣೋದು ಪಕ್ಕದಲ್ಲಿ ಒಂದು ತಣ್ಣನೆಯದು ಇದ್ದಾಗ. ಹಿಂದಿನಿಂದ ಒಂದು ಸಣ್ಣ ದೀಪ ಇದೆ ಅಂತ ಅಂದ್ಕೊಂಡು ಕೊಡದ ಮೇಲಂಚಿಗೆ ತೆಳುವಾದ ಗೆರೆ ಬೆಳಕು ಕೊಟ್ರೆ ವೀಣೆ ಬ್ಯಾಕ್‌ಗ್ರೌಂಡಿಂದ ಬಿಡಿಸಿಕೊಂಡು ಮುಂದೆ ಬರತ್ತೆ. ಮೂರನೇ ದೀಪ ಬೇಡ, ನೆರಳು ಮೂರು ಕಡೆ ಬೀಳೋಕೆ ಶುರುವಾಗತ್ತೆ, ಏಳು ತಂತಿಗೆ 21 ನೆರಳು, ಯಾರು ಬರೀತಾರೆ.

ಹಂತ 6: ತಂತಿಗೆ ಮಿಂಚು

ಕೊನೆಗೆ ಎಲ್ಲದಕ್ಕೂ ಮೇಲೆ ಒಂದು ಲೇಯರ್, ಮೋಡ್ ಕಲರ್ ಡಾಡ್ಜ್ ಅಥವಾ ಅಡಿಷನ್, ಹೈಲೈಟಿಗೆ ಮಾತ್ರ. ತಂತಿ ಉದ್ದಕ್ಕೂ ಬಿಳಿ ಗೆರೆ ಎಳೆಯೋ ಆಸೆ ಆಗತ್ತೆ, ಬೇಡ. ನಯವಾದ ತಂತಿ ಹೊಳೆಯೋದು ದೀಪದ ಬೆಳಕು ಅದರಿಂದ ಪುಟಿದು ನಮ್ಮ ಕಣ್ಣಿಗೇ ಬರೋ ಒಂದು ಭಾಗದಲ್ಲಿ ಮಾತ್ರ, ಬಾಕಿ ಕಡೆ ಸುತ್ತಲಿನ ಕತ್ತಲನ್ನೇ ತೋರಿಸತ್ತೆ. ಹಾಗಾಗಿ ಪ್ರತಿ ತಂತಿಯ ಕಾಲು ಭಾಗ ಉದ್ದಕ್ಕೆ ಹೊಳಪು, ಎರಡು ತುದಿಗೆ ಕರಗಿ ಹೋಗೋ ಹಾಗೆ. ಏಳೂ ತಂತಿಯ ಹೊಳಪು ಅಕ್ಕಪಕ್ಕ ಒಂದೇ ಸೀಮೆಯಲ್ಲಿ ಬರ್ಬೇಕು, ಚದುರಿ ಹೋದ್ರೆ ಏಳು ದೀಪ ಇದ್ದ ಹಾಗೆ. ಸುತ್ತಿದ ದಪ್ಪ ತಂತಿಯಲ್ಲಿ ಹೊಳಪು ನಿರಂತರ ಗೆರೆ ಅಲ್ಲ, ಸಣ್ಣ ಸಣ್ಣ ಚುಕ್ಕೆ, ಡಾಟೆಡ್ ಬ್ರಶ್ಶಲ್ಲಿ ಎಳೀರಿ.

ಇನ್ನೊಂದು ನೋಡಿ, ಕರಿ ಮೇಣದ ಮೇಲೆ ತಂತಿ ಬೆಳ್ಳಗೆ ಕಾಣತ್ತೆ, ಹೊಳೀತಿರೋ ಹಿತ್ತಾಳೆ ಮೆಟ್ಟಿಲ ಮೇಲೆ ಅದೇ ತಂತಿ ಕಪ್ಪಗೆ ಕಾಣತ್ತೆ. ಹೊಳಪಿನ ಸೀಮೆಯಲ್ಲಿ ನಾಲ್ಕೈದು ಮೆಟ್ಟಿಲಿಗೆ ಇಷ್ಟು ಮಾಡಿದ್ರೂ ತಂತಿ ಮೇಲೆ, ಮೆಟ್ಟಿಲು ಕೆಳಗೆ ಅನ್ನೋದು ಸ್ಪಷ್ಟವಾಗತ್ತೆ. ಕುದುರೆಯ ಮೇಲಿನ ಹಿತ್ತಾಳೆ ತಗಡಿಗೆ, ಲಂಗರ್‌ಗೆ, ಒಂದೊಂದು ಗಟ್ಟಿ ಚುಕ್ಕೆ. ಹೊಳಪಿನ ಬಣ್ಣ ಶುದ್ಧ ಬಿಳಿ ಬೇಡ, `#FFF1D6` ಹತ್ತಿರ ಇರ್ಲಿ.

ಹಂತ 7: ಪ್ರಿಂಟು, ವಾಟ್ಸಾಪು

ಪ್ರಿಂಟಿಗೆ ಕೊಡೋ ಮುಂಚೆ, ಇಂಕಲ್ಲಿ ಬಣ್ಣ ಹೇಗೆ ಬರತ್ತೆ ಅಂತ ಸ್ಕ್ರೀನಲ್ಲೇ ತೋರಿಸೋ ಸಾಫ್ಟ್ ಪ್ರೂಫ್ ಆನ್ ಮಾಡಿ ನೋಡಿ. ಸ್ಕ್ರೀನಿನ ಉರಿಯೋ ಕಿತ್ತಳೆ ಇಂಕಲ್ಲಿ ಬರಲ್ಲ, ಮಂಕಾಗಿ ಇಟ್ಟಿಗೆ ಬಣ್ಣಕ್ಕೆ ಹೋಗತ್ತೆ. ಆಗ ಕಿತ್ತಳೆಯನ್ನ ಇನ್ನಷ್ಟು ಗಾಢ ಮಾಡೋಕೆ ಹೋಗಬೇಡಿ, ಪ್ರಯೋಜನ ಇಲ್ಲ. ಸ್ವಲ್ಪ ಹಳದಿ ಕಡೆ ಸರಿಸಿ, ಸುತ್ತ ಕತ್ತಲು ಚೂರು ಜಾಸ್ತಿ ಮಾಡಿ.

ಪೋಸ್ಟರನ್ನ ಜನ ಗೋಡೆಗಿಂತ ಜಾಸ್ತಿ ನೋಡೋದು ವಾಟ್ಸಾಪಲ್ಲಿ. 4961 ಪಿಕ್ಸೆಲ್ ಅಗಲದ ಚಿತ್ರನ 1600ಕ್ಕೆ ಇಳಿಸಿದ್ರೆ ನಿಮ್ಮ 2 ಪಿಕ್ಸೆಲ್ ತಂತಿ ಅರ್ಧ ಪಿಕ್ಸೆಲ್ ಚಿಲ್ಲರೆ ಆಗಿ, ಓರೆ ತಂತಿ ತುಂಡು ತುಂಡಾಗಿ ಕಾಣತ್ತೆ, ಕೆಲವು ಮಾಯವೇ ಆಗ್ತವೆ. ಏಳು ಬರೆದಿದ್ರೂ ನೋಡೋರಿಗೆ ನಾಲ್ಕೇ ಕಾಣತ್ತೆ. ತಂತಿನೆಲ್ಲ ಬೇರೆ ಗ್ರೂಪಲ್ಲಿ ಇಡಿ ಅಂದಿದ್ದು ಇದಕ್ಕೇ. ವಾಟ್ಸಾಪ್ ಕಾಪಿಗೆ ಆ ಗ್ರೂಪಿನ ತಂತಿಗಳನ್ನ 5ರಿಂದ 9 ಪಿಕ್ಸೆಲ್ಲಿಗೆ ದಪ್ಪ ಮಾಡಿ ಎಕ್ಸ್‌ಪೋರ್ಟ್ ಮಾಡಿ, ಪ್ರಿಂಟ್ ಫೈಲು ಹಾಗೇ ಇರ್ಲಿ. ಎಕ್ಸ್‌ಪೋರ್ಟ್ ಆದ ಫೈಲನ್ನ ನಿಮಗೇ ಕಳಿಸ್ಕೊಂಡು, ಫೋನಲ್ಲಿ ಜೂಮ್ ಮಾಡ್ದೆ ತಂತಿ ಎಣಿಸಿ. ನಾನು ಈಗ ನನ್ನ ಫೋನಲ್ಲಿ ಎಣಿಸಿ ಆದ್ಮೇಲೆ ಆ ಟೀಚರಿಗೂ ಒಂದು ಕಾಪಿ ಕಳಿಸ್ತೀನಿ, ಹೋದ ಸಲ ಅವರಿಂದ ಬಂದ ಉತ್ತರ "ಏಳು ಸರಿ ಇದೆ, ಲಂಗರ್ ಒಂದು ಕಮ್ಮಿ".